ನಮ್ಮನೆ ಕಂಪ್ಯೂಟರಿಗೆ ಜೋಡಿ ರ‍್ಯಾಮ್ ಹಾಕಿದ ಲೆಕ್ಕ

ಭಂಡಿಗಡಿಯ ನಮ್ಮ ಮನೆಯಲ್ಲಿ ಕೆಲಸಕ್ಕೆ ಬರುವ ಕಂಪ್ಯೂಟರ್ ಒಂದೇ. ಹಗಲು ನಾವು ಅದರಲ್ಲಿ ಸುದ್ದಿ ಬರೆದು, ಫೋಟೋ ಚಿಕ್ಕದು ಮಾಡಿ ಕಚೇರಿಗೆ ಕಳಿಸುತ್ತೇವೆ. ರಾತ್ರಿ ಊಟಕ್ಕೆ ಮೊದಲು ಎರಡು ತಾಸು ಅದು ಅಣ್ಣನ ಮಗನದ್ದು. ಅವನು ಕೊಪ್ಪದಲ್ಲಿ ಪಿಯುಸಿ ಓದುತ್ತಾನೆ, ಜಿಟಿಎ 5 ಆಡುತ್ತಾನೆ. ಕರೆಂಟ್ ಇದ್ದರೆ.

ಕೊಂಡು ವರ್ಷವಾಗಿರಲಿಲ್ಲ, ಹುಡುಗನ ದೂರು ಶುರುವಾಯಿತು. ಆಟದಲ್ಲಿ ಕಾರು ಓಡಿಸುವಾಗ ಚಿತ್ರ ತಡೆದು ತಡೆದು ಬರುತ್ತದೆ, ತಿರುವಿನಲ್ಲಿ ಒಂದು ಕ್ಷಣ ನಿಂತೇ ಬಿಡುತ್ತದೆ. ಅವನ ಗೆಳೆಯರೆಲ್ಲ ಹೇಳಿದ ಮದ್ದು ಒಂದೇ: ಗ್ರಾಫಿಕ್ಸ್ ಕಾರ್ಡ್ ಹಾಕಿಸು. ಅದರ ಬೆಲೆ ಕೇಳಿ ಅಣ್ಣ ಒಂದು ಮಾತೂ ಆಡದೆ ತೋಟಕ್ಕೆ ಹೋದರು. ಆ ವರ್ಷ ಮಳೆ ಬಿಡದೆ ಹೊಡೆದು, ಔಷಧಿ ಹೊಡೆಯಲು ಬಿಡುವು ಸಿಗದೆ ಕೊಳೆ ಬಂದಿತ್ತು. ಅಡಿಕೆ ಉದುರಿದ ಮನೆಯಲ್ಲಿ ಆಟದ ಕಾರ್ಡಿನ ಮಾತು ಎತ್ತುವುದು ಹೇಗೆ? ಹುಡುಗ ಮುಖ ಊದಿಸಿಕೊಂಡ, ಅತ್ತಿಗೆ ನಮ್ಮ ಕಡೆ ನೋಡಿದರು. ಕಂಪ್ಯೂಟರ್ ತರುವಾಗ ಜೊತೆಗೆ ಹೋದವರು ನಾವಲ್ಲವೇ.

"ಚಿಕ್ಕಪ್ಪ, ಕಾರ್ಡ್ ಬೇಡ, ರ‍್ಯಾಮ್ ಆದ್ರೂ ಹಾಕ್ಸು. ಎಂಟು ಜಿಬಿ ಸಾಕಾಗಲ್ಲ ಅಂತಾರೆ" ಎಂದ.

ರ‍್ಯಾಮ್ ಎಂದರೆ ಎಲ್ಲರಿಗೂ ಜಿಬಿ ಲೆಕ್ಕ ಮಾತ್ರ ಗೊತ್ತು. ಫೋನ್ ಕೊಳ್ಳುವಾಗ ನಾವು ಕೇಳುವುದೂ ಅದನ್ನೇ. ಕೊಪ್ಪದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಸ್ನೇಹಿತರೊಬ್ಬರಿದ್ದಾರೆ, ನಮ್ಮ ಕ್ಯಾಮೆರಾದ ಮೆಮೊರಿ ಕಾರ್ಡ್ ಕೈಕೊಟ್ಟಾಗ ಫೋಟೋ ಉಳಿಸಿಕೊಟ್ಟವರು. ಅವರಿಗೆ ಫೋನ್ ಮಾಡಿದರೆ, "ಎಷ್ಟು ಜಿಬಿ ಅಂತ ಆಮೇಲೆ ಹೇಳಿ ಮಾರಾಯ್ರೆ, ಮೊದಲು ಎಷ್ಟು ಸ್ಟಿಕ್ ಇದೆ ನೋಡಿ" ಎಂದರು.

ನೋಡಿದೆವು. ವಿಂಡೋಸ್‌ನಲ್ಲಿ Ctrl, Shift, Esc ಮೂರೂ ಒಟ್ಟಿಗೆ ಒತ್ತಿದರೆ Task Manager ತೆರೆಯುತ್ತದೆ. ಅದರಲ್ಲಿ Performance, ಅದರೊಳಗೆ Memory. ಬಲಗಡೆ ಕೆಳಗೆ Slots used ಎಂದಿರುತ್ತದೆ. ನಮ್ಮದರಲ್ಲಿ 1 of 2 ಎಂದಿತ್ತು. ಎರಡು ಸ್ಲಾಟ್, ತುಂಬಿರುವುದು ಒಂದು. 8 ಜಿಬಿಯ ಒಂದೇ ಸ್ಟಿಕ್, ವೇಗ 3200. ಅಗ್ಗಕ್ಕೆ ಜೋಡಿಸಿಕೊಡುವ ಯಂತ್ರಗಳಲ್ಲಿ ಇದು ಸಾಮಾನ್ಯ. 4 ಜಿಬಿಯ ಎರಡು ಹಾಕುವುದಕ್ಕಿಂತ 8ರ ಒಂದು ಹಾಕಿದರೆ ಮುಂದೆ ಇನ್ನೊಂದು ಸೇರಿಸಬಹುದು ಎಂಬ ಸಮಜಾಯಿಷಿಯೂ ಅಂಗಡಿಯವರ ಬಳಿ ಇರುತ್ತದೆ. ಆ ಮಾತು ಸುಳ್ಳಲ್ಲ. ಆದರೆ ಆ ಇನ್ನೊಂದು ಸೇರುವವರೆಗೆ ಯಂತ್ರ ಒಂಟಿ ಎತ್ತಿನ ಗಾಡಿ ಎಂಬುದನ್ನು ಯಾರೂ ಹೇಳುವುದಿಲ್ಲ.

ನಮ್ಮ ಯಂತ್ರದ ಪ್ರೊಸೆಸರ್ ಎಎಂಡಿ ರೈಜನ್ 5 5600ಜಿ. 2021ರಲ್ಲಿ ಬಂದದ್ದು. ಹೆಸರಿನ ಕೊನೆಯ 'ಜಿ' ಅಕ್ಷರವೇ ಇಲ್ಲಿ ಮುಖ್ಯ. ಚಿತ್ರ ಬಿಡಿಸುವ ಗ್ರಾಫಿಕ್ಸ್ ಭಾಗ ಪ್ರೊಸೆಸರಿನ ಒಳಗೇ ಇದೆ ಎಂದು ಅದರ ಅರ್ಥ. ಬೇರೆ ಕಾರ್ಡ್ ಇಲ್ಲದೆ ಮಾನಿಟರ್ ನಡೆಯುತ್ತದೆ, ಆಟವೂ ನಡೆಯುತ್ತದೆ. ಆದರೆ ಗ್ರಾಫಿಕ್ಸ್ ಕಾರ್ಡಿಗೆ ತನ್ನದೇ ಮೆಮೊರಿ ಇರುತ್ತದೆ, ಒಳಗಿನ ಗ್ರಾಫಿಕ್ಸಿಗೆ ಇರುವುದಿಲ್ಲ. ಅದು ಪ್ರೊಸೆಸರಿನ ಜೊತೆ ಹಂಚಿಕೊಂಡು ಅದೇ ರ‍್ಯಾಮಿನಿಂದ ಎಲ್ಲವನ್ನೂ ತರಬೇಕು. ಒಂದೇ ಬಾವಿ, ನೀರು ಸೇದುವವರು ಇಬ್ಬರು.

ಈ ಬಾವಿಯಿಂದ ಎಷ್ಟು ನೀರು ಬರುತ್ತದೆ ಎಂಬುದಕ್ಕೆ ಸುಲಭ ಲೆಕ್ಕವಿದೆ. ರ‍್ಯಾಮಿನಿಂದ ಪ್ರೊಸೆಸರಿಗೆ ಹೋಗುವ ದಾರಿಗೆ ಚಾನೆಲ್ ಎನ್ನುತ್ತಾರೆ. ಡಿಡಿಆರ್4ರಲ್ಲಿ ಒಂದು ಚಾನೆಲ್ಲಿನ ಅಗಲ 64 ಬಿಟ್, ಅಂದರೆ 8 ಬೈಟ್. ಸ್ಟಿಕ್ಕಿನ ಮೇಲೆ 3200 ಎಂದಿದ್ದರೆ ಸೆಕೆಂಡಿಗೆ 320 ಕೋಟಿ ಸಲ ಸಾಗಣೆ ಎಂದರ್ಥ. ಪ್ರತಿ ಸಲಕ್ಕೂ 8 ಬೈಟ್. ಗುಣಿಸಿದರೆ ಸೆಕೆಂಡಿಗೆ 25.6 ಜಿಬಿ. ಇದು ಒಂದು ಚಾನೆಲ್ಲಿನ ಗರಿಷ್ಠ. ಪ್ರೊಸೆಸರಿನಲ್ಲಿ ಇಂಥ ಚಾನೆಲ್ ಎರಡಿವೆ. ಎರಡರಲ್ಲೂ ಸ್ಟಿಕ್ ಇದ್ದರೆ 51.2. ಒಂದು ಖಾಲಿ ಇದ್ದರೆ ಅರ್ಧಕ್ಕರ್ಧ ದಾರಿ ಮುಚ್ಚಿದ ಹಾಗೆ.

ಅಡಿಕೆ ಉಗ್ರಾಣವನ್ನು ನೆನೆಸಿಕೊಳ್ಳಿ. ಎರಡು ಬಾಗಿಲಿವೆ, ಹೊರಗೆ ಲಾರಿ ನಿಂತಿದೆ. ಒಂದೇ ಬಾಗಿಲು ತೆಗೆದರೆ ಒಳಗೆ ಎಷ್ಟೇ ಮೂಟೆ ಇರಲಿ, ಹೊರಗೆ ಬರುವುದು ಒಂದು ಬಾಗಿಲಿನಷ್ಟೇ. ಜಿಬಿ ಎಂದರೆ ಒಳಗೆ ಹಿಡಿಯುವ ಮೂಟೆ. ಚಾನೆಲ್ ಎಂದರೆ ಬಾಗಿಲು. 8 ಜಿಬಿ ತೆಗೆದು 16 ಜಿಬಿಯ ಒಂದೇ ಸ್ಟಿಕ್ ಹಾಕಿದರೆ ಉಗ್ರಾಣ ದೊಡ್ಡದಾಯಿತು, ಬಾಗಿಲು ಮಾತ್ರ ಒಂದೇ ಉಳಿಯಿತು.

ಹಾಗಾದರೆ ಬರೆಯಲು, ಬ್ರೌಸರ್ ನೋಡಲು ಏಕೆ ತೊಂದರೆ ಕಾಣಲಿಲ್ಲ? ಆ ಕೆಲಸಗಳಿಗೆ 25 ಜಿಬಿಯ ದಾರಿಯೇ ಬೇಕಾದಷ್ಟಾಯಿತು. ಆಟದ ಲೆಕ್ಕ ಬೇರೆ. 1080ಪಿ ಪರದೆಯಲ್ಲಿ ಸುಮಾರು 20 ಲಕ್ಷದ 73 ಸಾವಿರ ಚುಕ್ಕಿಗಳಿವೆ. ಸೆಕೆಂಡಿಗೆ 60 ಚಿತ್ರ ಬೇಕೆಂದರೆ ಅಷ್ಟೂ ಚುಕ್ಕಿಯನ್ನು ಅರವತ್ತು ಸಲ ಬರೆಯಬೇಕು. ಅದಷ್ಟೇ ಆಗಿದ್ದರೆ ಅರ್ಧ ಜಿಬಿಯಲ್ಲಿ ಮುಗಿಯುತ್ತಿತ್ತು. ಆದರೆ ಒಂದೊಂದು ಚುಕ್ಕಿಗೂ ಗೋಡೆಯ ಚಿತ್ರ, ರಸ್ತೆಯ ಚಿತ್ರ ಓದಬೇಕು, ಯಾವುದು ಹತ್ತಿರ ಯಾವುದು ದೂರ ನೋಡಬೇಕು, ನೆರಳು ಹಾಕಬೇಕು, ಬರೆದದ್ದರ ಮೇಲೆ ಮತ್ತೆ ಬರೆಯಬೇಕು. ಇದೆಲ್ಲ ಮೆಮೊರಿಗೆ ಹೋಗಿ ಬರುವ ಕೆಲಸ. ಅದೇ ಹೊತ್ತಿಗೆ ಪ್ರೊಸೆಸರ್ ಕೂಡ ಆಟದ ಲೆಕ್ಕ ನಡೆಸಲು ಅದೇ ಬಾಗಿಲಲ್ಲಿ ನಿಂತಿರುತ್ತದೆ. ಹೋಲಿಕೆಗೆ ಹೇಳುವುದಾದರೆ, ಜಿಟಿಎಕ್ಸ್ 1650 ಎಂಬ ಸಾಧಾರಣ ಕಾರ್ಡಿನ ಮೊದಲ ಆವೃತ್ತಿಯಲ್ಲಿ ಅದರ ಸ್ವಂತ ಮೆಮೊರಿಯ ದಾರಿ ಸೆಕೆಂಡಿಗೆ 128 ಜಿಬಿ. ನಮ್ಮದು 25.6, ಅದೂ ಪಾಲಿನಲ್ಲಿ.

ಇಷ್ಟು ತಿಳಿದ ಮೇಲೆ ಹುಡುಗ ಸುಮ್ಮನಿರುತ್ತಾನೆಯೇ. ಅಟ್ಟದ ಮೇಲೆ ನಮ್ಮ ಹಳೆಯ ಕಂಪ್ಯೂಟರ್ ಇತ್ತು. ಅದರಲ್ಲಿ 4 ಜಿಬಿಯ ಎರಡು ಸ್ಟಿಕ್, ಎರಡೂ ಡಿಡಿಆರ್4, ವೇಗ 2400. ಒಂದನ್ನು ಕಿತ್ತು ಇದಕ್ಕೆ ಹಾಕಿ ನೋಡೋಣ, ಖರ್ಚಿಲ್ಲವಲ್ಲ ಎಂದ. ಡಿಡಿಆರ್3 ಆಗಿದ್ದರೆ ಸ್ಲಾಟಿಗೆ ಕೂರುತ್ತಲೇ ಇರಲಿಲ್ಲ, ಕೆಳಗಿನ ಕಚ್ಚು ಇರುವ ಜಾಗವೇ ಬೇರೆ. ಇದು ಕೂತಿತು. ಕಂಪ್ಯೂಟರ್ ಎದ್ದಿತು, 12 ಜಿಬಿ ತೋರಿಸಿತು. ಮನೆಯಲ್ಲಿ ಹಬ್ಬ.

ಅಳೆಯದೆ ನಂಬಬಾರದು ಎಂದು ನಾವು ಮೊದಲೇ ಒಂದು ಕೆಲಸ ಮಾಡಿಟ್ಟಿದ್ದೆವು. ಜಿಟಿಎ 5ರೊಳಗೇ ಬೆಂಚ್‌ಮಾರ್ಕ್ ಪರೀಕ್ಷೆ ಇದೆ. ಅದು ಪ್ರತಿ ಸಲ ಅದೇ ದೃಶ್ಯಗಳನ್ನು ಓಡಿಸಿ ಸೆಕೆಂಡಿಗೆ ಎಷ್ಟು ಚಿತ್ರ ಬಂತು ಎಂದು ಲೆಕ್ಕ ಕೊಡುತ್ತದೆ. ಒಂದೇ ಸ್ಟಿಕ್ ಇದ್ದಾಗ 1080ಪಿ, ಸಾಧಾರಣ ಗುಣಮಟ್ಟದಲ್ಲಿ ಸರಾಸರಿ 43ರ ಆಸುಪಾಸು ಬಂದಿತ್ತು. ಊರಿನ ಗದ್ದಲದ ದೃಶ್ಯದಲ್ಲಿ 24ಕ್ಕೆ ಇಳಿಯುತ್ತಿತ್ತು. ಮೂರು ಸಲ ಓಡಿಸಿ ಬರೆದಿಟ್ಟ ಅಂಕಿ ಇವು. ನಮ್ಮನೆ ಯಂತ್ರದ ಮಟ್ಟಿಗೆ ಮಾತ್ರ ಸತ್ಯ.

4 ಜಿಬಿ ಸೇರಿಸಿದ ಮೇಲೆ ಸರಾಸರಿ 49. ಹೌದು, ಏರಿತು. ಆದರೆ ಕೆಳಗಿನ ಅಂಕಿ 23. ಅಂದರೆ ತಡೆಯುವ ಕಡೆ ಹಾಗೇ ತಡೆಯುತ್ತಿತ್ತು. ಹುಡುಗನಿಗೆ ಕಣ್ಣಿಗೆ ಕಂಡದ್ದು ಆ 23, ಆ 49 ಅಲ್ಲ. ಸರಾಸರಿ ಎಂಬುದು ನಮ್ಮ ತಾಲ್ಲೂಕಿನ ಸರಾಸರಿ ಮಳೆಯ ಅಂಕಿ ಇದ್ದ ಹಾಗೆ, ತೋಟ ಕೊಚ್ಚಿಹೋದ ದಿನದ ಸುದ್ದಿ ಅದರಲ್ಲಿ ಇರುವುದಿಲ್ಲ.

ಹೀಗೇಕಾಯಿತು ಎಂದು ನೋಡಲು CPU-Z ಎಂಬ ಚಿಕ್ಕ ಉಚಿತ ತಂತ್ರಾಂಶ ಹಾಕಿದೆವು. ಅದರ Memory ಪುಟದಲ್ಲಿ Channel # ಎಂಬ ಜಾಗದಲ್ಲಿ ಡ್ಯುಯಲ್ ಎಂದು ಬರುತ್ತದೆ, ಹೊಸ ಆವೃತ್ತಿಯಲ್ಲಿ 2 x 64-bit ಎಂದು. ನಮ್ಮದರಲ್ಲೂ ಎರಡು ಎಂದೇ ತೋರಿಸಿತು. ಹಾಗಾದರೆ ಬಾಗಿಲು ಎರಡೂ ತೆರೆದಿವೆ. ಆದರೆ ಅದರ ಕೆಳಗೆ DRAM Frequency ಎಂಬಲ್ಲಿ 1200ರ ಹತ್ತಿರ ಇತ್ತು. ಈ ಅಂಕಿಯನ್ನು ಎರಡರಿಂದ ಗುಣಿಸಿ ಓದಬೇಕು, ಡಿಡಿಆರ್ ಮೆಮೊರಿ ಒಂದು ಬಡಿತಕ್ಕೆ ಎರಡು ಸಲ ಸಾಗಿಸುತ್ತದೆ. ಅಲ್ಲಿಗೆ 2400. ನಮ್ಮ 3200ರ ಸ್ಟಿಕ್ ಕೂಡ 2400ಕ್ಕೆ ಇಳಿದಿತ್ತು.

ಇದೇ ಬೆರಕೆ ಸ್ಟಿಕ್ಕುಗಳ ಮೊದಲ ತೊಂದರೆ. ಪ್ರತಿ ಸ್ಟಿಕ್ಕಿನಲ್ಲೂ ಒಂದು ಪುಟ್ಟ ಚಿಪ್ ಇರುತ್ತದೆ. ತಾನು ಎಷ್ಟು ವೇಗದಲ್ಲಿ ನಡೆಯಬಲ್ಲೆ, ಕೇಳಿದ ಎಷ್ಟು ಬಡಿತಕ್ಕೆ ಉತ್ತರ ಕೊಡಬಲ್ಲೆ ಎಂಬ ಪಟ್ಟಿ ಅದರಲ್ಲಿದೆ. ಕಂಪ್ಯೂಟರ್ ಏಳುವಾಗ ಎಲ್ಲ ಸ್ಟಿಕ್ಕುಗಳ ಪಟ್ಟಿ ಓದಿ, ಎಲ್ಲರಿಗೂ ಆಗುವ ಒಂದು ವೇಗ ಆರಿಸುತ್ತದೆ. ನೊಗಕ್ಕೆ ಕಟ್ಟಿದ ಮೇಲೆ ಬಲಿಷ್ಠ ಎತ್ತು ತನ್ನಷ್ಟಕ್ಕೆ ಓಡಲು ಬರುವುದಿಲ್ಲ, ಗಾಡಿ ನಡೆಯುವುದು ನಿಧಾನದ ಎತ್ತಿನ ನಡಿಗೆಯಲ್ಲಿ. ಭಂಡಿಯನ್ನು ಹೆಸರಲ್ಲೇ ಇಟ್ಟುಕೊಂಡ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಎರಡನೆಯ ತೊಂದರೆ ಅಳತೆಯದ್ದು. ಒಂದು ಬಾಗಿಲ ಹಿಂದೆ 8, ಇನ್ನೊಂದರ ಹಿಂದೆ 4. ಎರಡು ಬಾಗಿಲೂ ಒಟ್ಟಿಗೆ ಕೆಲಸ ಮಾಡಬೇಕಾದರೆ ಸಾಮಾನನ್ನು ಎರಡರಲ್ಲೂ ಸಮನಾಗಿ ಹಂಚಿ ಇಡಬೇಕು, ಒಂದು ತುಂಡು ಇಲ್ಲಿ, ಮುಂದಿನ ತುಂಡು ಅಲ್ಲಿ. 4ಕ್ಕೆ 4 ಹೀಗೆ ಜೋಡಿಯಾಗುತ್ತದೆ. ಉಳಿದ 4 ಜಿಬಿಗೆ ಎದುರು ಜೊತೆಯೇ ಇಲ್ಲ, ಅಲ್ಲಿ ಇಟ್ಟದ್ದು ಒಂದೇ ಬಾಗಿಲಿಂದ ಬರಬೇಕು. ಇಂಟೆಲ್ ಕಂಪನಿ ಈ ಏರ್ಪಾಡಿಗೆ ಫ್ಲೆಕ್ಸ್ ಮೋಡ್ ಎಂದು ಹೆಸರಿಟ್ಟಿದೆ. ನಮ್ಮ ಎಎಂಡಿ ಯಂತ್ರದಲ್ಲಿ ಕಂಡದ್ದೂ ಅದಕ್ಕೆ ಹೊಂದುತ್ತದೆ. CPU-Z ಮಾತ್ರ ಇದನ್ನು ಬಿಡಿಸಿ ಹೇಳುವುದಿಲ್ಲ, ಎರಡು ಚಾನೆಲ್ ಎಂದು ಸುಮ್ಮನಾಗುತ್ತದೆ.

ಈಗ ಲೆಕ್ಕ ಹಾಕಿ. ಜೋಡಿಯಾದ 8 ಜಿಬಿಯಲ್ಲಿ ದಾರಿ 38.4. ಒಂಟಿಯಾಗಿ ಉಳಿದ 4 ಜಿಬಿಯಲ್ಲಿ 19.2. ಮೊದಲಿದ್ದದ್ದು ಎಲ್ಲ ಕಡೆಗೂ 25.6. ಅಂದರೆ ಆಟದ ಸಾಮಾನು ಜೋಡಿ ಜಾಗದಲ್ಲಿ ಬಿದ್ದರೆ ಮೊದಲಿಗಿಂತ ಲಾಭ, ಒಂಟಿ ಜಾಗದಲ್ಲಿ ಬಿದ್ದರೆ ಮೊದಲಿಗಿಂತಲೂ ನಷ್ಟ. ಎಲ್ಲಿ ಬೀಳುತ್ತದೆ ಎಂಬುದು ನಮ್ಮ ಕೈಯಲ್ಲಿಲ್ಲ. ಸರಾಸರಿ ಏರಿ, ತಡೆ ಮಾತ್ರ ಉಳಿದದ್ದಕ್ಕೆ ನಮಗೆ ಕಂಡ ಕಾರಣ ಇದು.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಬೆರಕೆ ಸ್ಟಿಕ್ ಹಾಕಿದರೆ ಯಂತ್ರ ಹಾಳಾಗುತ್ತದೆ ಎಂದು ಹೆದರಿಸುವವರಿದ್ದಾರೆ, ಅದು ಹಾಗಲ್ಲ. ನಮ್ಮ ಸುದ್ದಿ ಕೆಲಸಕ್ಕೆ ಆ 12 ಜಿಬಿ ನಿಜಕ್ಕೂ ಅನುಕೂಲವಾಗಿತ್ತು. ಫೋಟೋ ತಂತ್ರಾಂಶ, ಇಪ್ಪತ್ತು ಬ್ರೌಸರ್ ಪುಟ, ಪಿಡಿಎಫ್ ಎಲ್ಲ ತೆರೆದಿಟ್ಟರೂ ತಿಣುಕಲಿಲ್ಲ. ಜಾಗ ಸಾಲದೆ ಕಂಪ್ಯೂಟರ್ ಡಿಸ್ಕಿಗೆ ಹೋಗಿ ಬರುವುದಕ್ಕಿಂತ ನಿಧಾನದ ರ‍್ಯಾಮ್ ಎಷ್ಟೋ ಮೇಲು. ಗ್ರಾಮ ಪಂಚಾಯಿತಿಯ ಕೆಲಸಕ್ಕೋ ಸೊಸೈಟಿಯ ಲೆಕ್ಕಕ್ಕೋ ಬಳಸುವ ಯಂತ್ರವಾದರೆ ಮನೆಯಲ್ಲಿದ್ದ ಸ್ಟಿಕ್ ಹಾಕಿಕೊಂಡು ಹಾಯಾಗಿರಿ. ನಷ್ಟ ಕಾಣುವುದು ಆಟದಲ್ಲಿ, ಅದರಲ್ಲೂ ಒಳಗಿನ ಗ್ರಾಫಿಕ್ಸ್ ಇರುವ ಯಂತ್ರದಲ್ಲಿ.

ಕಾರ್ಡಿನ ಬೆಲೆಯ ಎದುರು ಒಂದು 8 ಜಿಬಿ ಸ್ಟಿಕ್ಕಿನ ಬೆಲೆ ಇಟ್ಟು ಅಣ್ಣನಿಗೆ ತೋರಿಸಿದೆವು. ಅಣ್ಣ ಬಹಳ ಹೊತ್ತು ನೋಡಿದರು. "ಇದರಲ್ಲಿ ನಿನ್ನ ಕೆಲಸಕ್ಕೂ ಏನಾದ್ರೂ ಆಗುತ್ತಾ?" ಎಂದು ಕೇಳಿದರು. ಆಗುತ್ತೆ ಎಂದೆವು. ಹಾಗಾದರೆ ಅರ್ಧ ನೀನು ಕೊಡು ಎಂದರು. ಸ್ಟ್ರಿಂಗರ್ ಸಂಭಾವನೆ ಯಾವಾಗ ಬರುತ್ತದೆ ಎಂದು ಗೊತ್ತಿದ್ದೂ ಕೇಳಿದ ಪ್ರಶ್ನೆ ಅದು. ಬೆಲೆ ಎಷ್ಟೆಂದು ಇಲ್ಲಿ ಬರೆಯುವುದಿಲ್ಲ. ಮೆಮೊರಿಯ ಬೆಲೆ ಅಡಿಕೆ ಧಾರಣೆಗಿಂತ ಹೆಚ್ಚು ಕುಣಿಯುತ್ತದೆ, ಓದುವ ಹೊತ್ತಿಗೆ ಸುಳ್ಳಾಗಿರುತ್ತದೆ.

ಕೊಳ್ಳಲು ಹೋಗುವ ಮೊದಲು ಇರುವ ಸ್ಟಿಕ್ಕಿನ ಜಾತಕ ಬರೆದುಕೊಂಡು ಹೋಗಬೇಕು. ಪೆಟ್ಟಿಗೆ ಬಿಚ್ಚದೆಯೂ ಇದು ಸಿಗುತ್ತದೆ. ಸ್ಟಾರ್ಟ್ ಮೆನುವಿನಲ್ಲಿ PowerShell ಎಂದು ಹುಡುಕಿ ತೆರೆದು ಈ ಸಾಲು ಕೊಟ್ಟೆವು:

```
Get-CimInstance Win32_PhysicalMemory | Format-Table DeviceLocator, Capacity, PartNumber, ConfiguredClockSpeed
```

ಯಾವ ಸ್ಲಾಟ್, ಎಷ್ಟು ಅಳತೆ, ಪಾರ್ಟ್ ನಂಬರ್ ಏನು, ಈಗ ಯಾವ ವೇಗದಲ್ಲಿ ನಡೆಯುತ್ತಿದೆ, ನಾಲ್ಕೂ ಸಾಲಾಗಿ ಬರುತ್ತವೆ. ಪಾರ್ಟ್ ನಂಬರಿನ ಫೋಟೋ ಫೋನಿನಲ್ಲಿ ಇಟ್ಟುಕೊಂಡು ಶಿವಮೊಗ್ಗಕ್ಕೆ ಹೋದೆವು.

ಮೊದಲ ಅಂಗಡಿಯಲ್ಲಿ ಅದೇ ಕಂಪನಿಯ 8 ಜಿಬಿ, 3200 ಸ್ಟಿಕ್ ಕೊಟ್ಟರು. ಕೊಪ್ಪದ ಸ್ನೇಹಿತರು ಹೇಳಿಕೊಟ್ಟಿದ್ದಂತೆ ಚೀಟಿ ಓದಿದೆವು. ನಮ್ಮ ಸ್ಟಿಕ್ಕಿನ ಮೇಲೆ 1Rx8 ಎಂದಿತ್ತು, ಇದರ ಮೇಲೆ 1Rx16. ಇದೇನು ಮಹಾ ಎನಿಸಬಹುದು. 1Rx8 ಆದರೆ 8 ಜಿಬಿಯನ್ನು ಎಂಟು ಚಿಪ್ಪುಗಳಲ್ಲಿ ತುಂಬಿರುತ್ತಾರೆ, 1Rx16 ಆದರೆ ನಾಲ್ಕೇ ದೊಡ್ಡ ಚಿಪ್ಪು. ಡಿಡಿಆರ್4ರ ಈ ದೊಡ್ಡ ಚಿಪ್ಪಿನೊಳಗೆ ಕಪಾಟುಗಳ ಗುಂಪು ಎರಡೇ, ಚಿಕ್ಕದರಲ್ಲಿ ನಾಲ್ಕು. ಒಂದು ಗುಂಪು ಉತ್ತರ ಹುಡುಕುತ್ತಿರುವಾಗ ಇನ್ನೊಂದನ್ನು ಕೇಳುವ ಅವಕಾಶ ಕಡಿಮೆಯಾಗುತ್ತದೆ. ಚೀಟಿಯ ಮೇಲಿನ ವೇಗ ಅದೇ 3200, ಆದರೆ ಕೆಲಸದಲ್ಲಿ ಸ್ವಲ್ಪ ಹಿಂದೆ. ಹಾಕಿದರೆ ನಡೆಯುತ್ತಿತ್ತು, ಎರಡು ಬಾಗಿಲೂ ತೆರೆಯುತ್ತಿದ್ದವು. ದುಡ್ಡು ಕೊಟ್ಟು ತರುವಾಗ ಏಕೆ ಒಪ್ಪಬೇಕು ಎಂದು ಮುಂದಿನ ಅಂಗಡಿಗೆ ಹೋದೆವು. ಅಲ್ಲಿ ಪಾರ್ಟ್ ನಂಬರ್ ಅಕ್ಷರಕ್ಕೆ ಅಕ್ಷರ ಹೊಂದುವ ಸ್ಟಿಕ್ ಸಿಕ್ಕಿತು.

ಹೊಸ ಯಂತ್ರ ಜೋಡಿಸುವವರಾದರೆ ಒಂದೇ ಪೆಟ್ಟಿಗೆಯಲ್ಲಿ ಎರಡು ಸ್ಟಿಕ್ ಬರುವ ಕಿಟ್ ಕೊಳ್ಳುವುದು ಉತ್ತಮ. ಅವನ್ನು ಜೊತೆಯಾಗಿ ಪರೀಕ್ಷಿಸಿ ಮಾರುತ್ತಾರೆ. ಕಂಪನಿಗಳು ಅದೇ ಹೆಸರಿನ ಸ್ಟಿಕ್ಕಿಗೆ ಕಾಲಕಾಲಕ್ಕೆ ಬೇರೆ ಚಿಪ್ಪು ಹಾಕುವುದುಂಟು, ಬಿಡಿಯಾಗಿ ಕೊಂಡಾಗ ಆ ಅನುಮಾನ ಇದ್ದೇ ಇರುತ್ತದೆ. ಆದರೆ ಡ್ಯುಯಲ್ ಚಾನೆಲ್ ಆಗಲು ಕಿಟ್ಟೇ ಬೇಕೆಂದಿಲ್ಲ. ಅಳತೆ, ವೇಗ, ಚೀಟಿಯ ಆ 1Rx8 ಮೂರೂ ಹೊಂದಿದರೆ ಸಾಮಾನ್ಯವಾಗಿ ಸಾಕು.

ಸ್ಟಿಕ್ ಕೂರಿಸುವುದು ಹತ್ತು ನಿಮಿಷದ ಕೆಲಸ. ಕಂಪ್ಯೂಟರ್ ಶಟ್‌ಡೌನ್ ಮಾಡಿ, ಗೋಡೆಯಿಂದ ಪ್ಲಗ್ ಕಿತ್ತು, ಆಮೇಲೆ ಪವರ್ ಬಟನ್ ಹತ್ತು ಸೆಕೆಂಡು ಒತ್ತಿ ಹಿಡಿದೆವು, ಒಳಗೆ ಉಳಿದ ಕರೆಂಟ್ ಹೋಗಲಿ ಎಂದು. ಪೆಟ್ಟಿಗೆಯ ಬಣ್ಣವಿಲ್ಲದ ಲೋಹ ಮುಟ್ಟಿಕೊಂಡು ಮೈಮೇಲಿನ ಸ್ಥಿರ ವಿದ್ಯುತ್ ಕಳೆದುಕೊಂಡೆವು. ಮಳೆಗಾಲದಲ್ಲಿ ನಮ್ಮೂರಿನ ಗಾಳಿಗೆ ಆ ಭಯ ಕಡಿಮೆ, ಮಾಗಿಯ ಒಣ ಬೆಳಗಿನಲ್ಲಿ ಉಣ್ಣೆ ಸ್ವೆಟರ್ ಹಾಕಿಕೊಂಡು ಮಾತ್ರ ಈ ಕೆಲಸಕ್ಕೆ ಕೂರಬೇಡಿ.

ಸ್ಟಿಕ್ಕನ್ನು ಅಂಚಿನಲ್ಲಿ ಹಿಡಿಯಬೇಕು, ಕೆಳಗಿನ ಹೊಂಬಣ್ಣದ ಹಲ್ಲು ಮುಟ್ಟಬಾರದು. ಸ್ಲಾಟಿನ ತುದಿಯ ಚಿಲಕ ಹೊರಕ್ಕೆ ಬಿಚ್ಚಿ, ಸ್ಟಿಕ್ಕಿನ ಕಚ್ಚನ್ನು ಸ್ಲಾಟಿನ ದಿಂಡಿಗೆ ಹೊಂದಿಸಿ ನೇರವಾಗಿ ಇಳಿಸಬೇಕು. ಹೊಂದದಿದ್ದರೆ ತಿರುಗಿಸಿ ಹಿಡಿಯಿರಿ, ಒತ್ತಬೇಡಿ. ಹೊಂದಿದ ಮೇಲೆ ಎರಡೂ ತುದಿಗೆ ಹೆಬ್ಬೆರಳಿಟ್ಟು ಒತ್ತಿದರೆ ಟಕ್ ಎಂದು ಚಿಲಕ ತಾನೇ ಮುಚ್ಚಿಕೊಳ್ಳುತ್ತದೆ. ಹೊಸಬರು ಹೆದರಿ ಅರ್ಧಕ್ಕೇ ಬಿಡುವುದು ಇಲ್ಲೇ. ಅದಕ್ಕೆ ನೀವು ಎಣಿಸಿದ್ದಕ್ಕಿಂತ ಹೆಚ್ಚು ಒತ್ತಡ ಬೇಕು. ಕೆಲವು ಬೋರ್ಡಿನಲ್ಲಿ ಚಿಲಕ ಒಂದೇ ಕಡೆ ಇರುತ್ತದೆ, ಅಲ್ಲಿ ಇನ್ನೊಂದು ತುದಿ ಪೂರ್ತಿ ಕೂತಿದೆಯೇ ಎಂದು ಕಣ್ಣಿನಲ್ಲಿ ನೋಡಬೇಕು. ಹಳೆಯ ಸ್ಟಿಕ್ಕನ್ನೂ ಒಮ್ಮೆ ತೆಗೆದು ನೋಡಿದೆವು. ನಮ್ಮ ತೇವಕ್ಕೆ ಹಲ್ಲಿನ ಮೇಲೆ ಮಸುಕು ಕೂತಿತ್ತು. ಮಕ್ಕಳ ಬಿಳಿ ರಬ್ಬರಿನಲ್ಲಿ ಮೆಲ್ಲಗೆ ಉಜ್ಜಿ, ಪುಡಿಯನ್ನು ಒಣ ಕುಂಚದಲ್ಲಿ ಪೂರ್ತಿ ಕೊಡವಿ ಮತ್ತೆ ಕೂರಿಸಿದೆವು.

ಸ್ವಿಚ್ ಹಾಕಿದೆವು. ಫ್ಯಾನ್ ತಿರುಗಿತು, ಪರದೆ ಕಪ್ಪು. ಅರ್ಧ ನಿಮಿಷ ಕಳೆಯಿತು, ಕಪ್ಪೇ. "ಹೋಯ್ತಾ ಚಿಕ್ಕಪ್ಪ?" ಎಂದು ಹುಡುಗ ಸ್ವಿಚ್ಚಿಗೆ ಕೈಹಾಕಿದ. ತಡೆದೆವು. ಹೊಸ ಸ್ಟಿಕ್ ಕಂಡಾಗ ಬೋರ್ಡ್ ಅದರ ಜೊತೆ ಮಾತಾಡುವ ಸರಿಯಾದ ಹದ ಹುಡುಕುತ್ತದೆ, ಮೊದಲ ಸಲ ಅದಕ್ಕೆ ಹೊತ್ತು ಬೇಕು. ಒಂದು ನಿಮಿಷದೊಳಗೆ ಎದ್ದಿತು. ಐದು ನಿಮಿಷವಾದರೂ ಏಳದಿದ್ದರೆ ಮತ್ತೆ ಪ್ಲಗ್ ಕಿತ್ತು, ಒಂದೊಂದೇ ಸ್ಟಿಕ್ ಹಾಕಿ ನೋಡಬೇಕು. ಹೆಚ್ಚಿನ ಸಲ ಪೂರ್ತಿ ಕೂರದಿರುವುದೇ ಕಾರಣ.

ಎದ್ದ ಮೇಲೆ ವೇಗ ನೋಡಿಕೊಳ್ಳಬೇಕು. ನಮ್ಮ ಸ್ಟಿಕ್ಕುಗಳು ತಾವಾಗಿಯೇ 3200ರಲ್ಲಿ ನಡೆಯುವಂಥವು, ಹೆಚ್ಚಿನ ಕೆಲಸ ಬೀಳಲಿಲ್ಲ. ಆಟಕ್ಕೆಂದೇ ಮಾರುವ ಕೆಲವು ಸ್ಟಿಕ್ಕುಗಳು ಹೇಳಿಕೊಡುವವರೆಗೆ 2133ರಲ್ಲೋ 2666ರಲ್ಲೋ ಉಳಿಯುತ್ತವೆ. ಅವಕ್ಕೆ ಕಂಪ್ಯೂಟರ್ ಏಳುವಾಗ Delete ಒತ್ತಿ ಬಯೋಸ್‌ಗೆ ಹೋಗಿ XMP ಅಥವಾ DOCP ಎಂಬುದನ್ನು ಚಾಲೂ ಮಾಡಬೇಕು.

CPU-Z ಈಗ ಎರಡು ಚಾನೆಲ್, 1600ರ ಹತ್ತಿರ ಎಂದಿತು. ಬೆಂಚ್‌ಮಾರ್ಕ್ ಓಡಿಸಿದೆವು. ಸರಾಸರಿ 68. ಕೆಳಗಿನ ಅಂಕಿ 46. ಹುಡುಗ ಮಾತಾಡಲಿಲ್ಲ, ಬೆಂಚ್‌ಮಾರ್ಕ್ ಮುಚ್ಚಿ ಕಾರು ಹತ್ತಿದ. ಅಣ್ಣ ಬಾಗಿಲಲ್ಲಿ ನಿಂತು ನೋಡಿ, "ಈಗ ನಿಲ್ಲಲ್ಲ ಅಲ್ವ ಇದು" ಎಂದರು.

ಇದು ಸುದ್ದಿಯಾಗಿ ಹಬ್ಬಿತು. ಶೃಂಗೇರಿ ಕಡೆಯ ಅವನ ಗೆಳೆಯ ತನ್ನ ಯಂತ್ರ ನೋಡಿ ಎಂದು ಕರೆದ. ಅವನದ್ದು ನಾಲ್ಕು ಸ್ಲಾಟಿನ ಬೋರ್ಡ್, ಒಂದೇ ಜೋಡಿಯ ಎರಡು ಸ್ಟಿಕ್, ಬೇರೆ ಗ್ರಾಫಿಕ್ಸ್ ಕಾರ್ಡ್ ಕೂಡ ಇತ್ತು. ಆದರೂ CPU-Z ಒಂದೇ ಚಾನೆಲ್ ಎನ್ನುತ್ತಿತ್ತು. ಬಿಚ್ಚಿ ನೋಡಿದರೆ ಎರಡನ್ನೂ ಅಕ್ಕಪಕ್ಕದ ಸ್ಲಾಟಿನಲ್ಲಿ ಹಾಕಿದ್ದಾರೆ. ನಾಲ್ಕು ಸ್ಲಾಟಿನ ಹೆಚ್ಚಿನ ಬೋರ್ಡುಗಳಲ್ಲಿ ಪ್ರೊಸೆಸರ್ ಕಡೆಯಿಂದ ಎಣಿಸಿದರೆ ಮೊದಲೆರಡು ಒಂದು ಚಾನೆಲ್, ಕೊನೆಯೆರಡು ಇನ್ನೊಂದು. ಅಕ್ಕಪಕ್ಕ ಹಾಕಿದರೆ ಎರಡು ಸ್ಟಿಕ್ಕೂ ಒಂದೇ ಬಾಗಿಲ ಹಿಂದೆ ನಿಂತ ಹಾಗೆ. ಎರಡನೆಯದು ಮತ್ತು ನಾಲ್ಕನೆಯದಕ್ಕೆ ಬದಲಿಸಿದೆವು, ಬೋರ್ಡಿನ ಮೇಲೆ ಅವುಗಳ ಹತ್ತಿರ A2, B2 ಎಂದು ಅಚ್ಚಾಗಿತ್ತು. ಚಾನೆಲ್ ಎರಡಾಯಿತು.

ಅವನು ಮಾತ್ರ ನಮ್ಮನೆಯಂಥ ಜಿಗಿತ ಕಾಯುತ್ತಿದ್ದ, ಅದು ಬರಲಿಲ್ಲ. ಸರಾಸರಿ ಎರಡು ಮೂರು ಚಿತ್ರ ಏರಿತು ಅಷ್ಟೆ. ಅವನ ಕಾರ್ಡಿಗೆ ಸ್ವಂತ ಮೆಮೊರಿ ಇದೆ, ಚಿತ್ರದ ಭಾರ ರ‍್ಯಾಮಿನ ಮೇಲೆ ಬೀಳುವುದೇ ಇಲ್ಲ. ಜನ, ವಾಹನ ತುಂಬಿದ ಕಡೆ ಪ್ರೊಸೆಸರಿಗೆ ಕೆಲಸ ಹೆಚ್ಚಾದಾಗ ಮಾತ್ರ ಮೊದಲಿಗಿಂತ ನಯವಾಗಿ ನಡೆಯಿತು. ಕಾರ್ಡ್ ಇರುವವರು ಇದರಿಂದ ಹೆಚ್ಚು ಬಯಸಬೇಡಿ.

ಲ್ಯಾಪ್‌ಟಾಪಿನವರಿಗೆ ಒಂದು ಸೂಚನೆ. ಎಷ್ಟೋ ಲ್ಯಾಪ್‌ಟಾಪುಗಳಲ್ಲಿ 8 ಜಿಬಿಯನ್ನು ಬೋರ್ಡಿಗೇ ಬೆಸುಗೆ ಹಾಕಿ, ಒಂದು ಸ್ಲಾಟ್ ಖಾಲಿ ಬಿಟ್ಟಿರುತ್ತಾರೆ. ಅಂಥದಕ್ಕೆ ಅದೇ ವೇಗದ 8 ಹಾಕಿದರೆ ಪೂರ್ತಿ ಜೋಡಿ. 16 ಹಾಕಿದರೆ 8ಕ್ಕೆ 8 ಸೇರಿ 16 ಜೋಡಿಯಾಗಿ, 8 ಒಂಟಿ ಉಳಿಯುತ್ತದೆ. ಕೆಲವದರಲ್ಲಿ ಸ್ಲಾಟೇ ಇರುವುದಿಲ್ಲ, ಕೊಳ್ಳುವ ಮೊದಲೇ ಕೇಳಿ. ಹೊಸ ಡಿಡಿಆರ್5 ಯಂತ್ರವಾದರೆ ಇನ್ನೊಂದು ಗೊಂದಲವಿದೆ. ಅದರ ಒಂದೊಂದು ಸ್ಟಿಕ್ಕಿನ ದಾರಿಯೂ 32 ಬಿಟ್ಟಿನ ಎರಡು ಪಾಲಾಗಿರುತ್ತದೆ. ಒಂದೇ ಸ್ಟಿಕ್ ಇದ್ದರೂ CPU-Z 2 x 32-bit ಎಂದು ತೋರಿಸುತ್ತದೆ, ಎರಡು ಕಂಡಿತೆಂದು ಹಿಗ್ಗಬಾರದು. ಜೋಡಿ ಇದ್ದರೆ 4 x 32-bit ಎಂದಿರಬೇಕು. ನೀವು ಇದನ್ನು ಓದುತ್ತಿರುವ ಫೋನಿನಲ್ಲಿ ಮಾತ್ರ ಈ ಯಾವ ಕಸರತ್ತಿಗೂ ಜಾಗವಿಲ್ಲ, ಎಲ್ಲ ಬೆಸುಗೆ.

ಅಟ್ಟದಿಂದ ತಂದ ಆ 4 ಜಿಬಿ ಸ್ಟಿಕ್ಕನ್ನು ಹಳೆಯ ಕಂಪ್ಯೂಟರಿಗೇ ಅದರ ಜೊತೆಯ ಪಕ್ಕ ಮತ್ತೆ ಕೂರಿಸಿದೆವು. ಎರಡೂ 2400, ಎರಡೂ 4, ಒಂದೇ ಪಾರ್ಟ್ ನಂಬರ್. ಅದು ಈಗ ಕೆಳಗಿಳಿದು ಬಂದಿದೆ. ಸಂಜೆ ಆಟ ನಡೆಯುವಾಗ ತುರ್ತು ಸುದ್ದಿ ಬಂದರೆ ನಾವು ಬರೆಯುವುದು ಅದರಲ್ಲಿ.